ಗದ್ದೆಯ ಮಣ್ಣಿನಲ್ಲಿ ಮಳೆಗಾಲದ ಗುರುತು

"ಮಣ್ಣಿಗೆ ಕಂದು ಬಣ್ಣ ಹಚ್ಚಬೇಕು ಅಂತ ನಮ್ಮ ಡ್ರಾಯಿಂಗ್ ಮಿಸ್ ಹೇಳಿದ್ದಾರೆ" ಎಂದಳು ಏಳನೇ ತರಗತಿಯ ಹುಡುಗಿ. ಅವಳ ಅಜ್ಜ ನಕ್ಕರು. "ನಮ್ಮ ಗುಡ್ಡಕ್ಕೆ ಆ ಬಣ್ಣ ಹಚ್ಚಿದರೆ ಗುಡ್ಡಕ್ಕೇ ಗುರುತು ಸಿಗಲಿಕ್ಕಿಲ್ಲ!"

ಸಾಗರದ ಕಡೆಯ ಒಂದು ಹಳ್ಳಿ. ಮಾರ್ಚ್ ತಿಂಗಳ ಬಿಸಿಲು. ಮನೆಯ ಹಿಂದೆ ಗುಡ್ಡ, ಮನೆಯ ಮುಂದೆ ಇಳಿಜಾರಿನಲ್ಲಿ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಭತ್ತದಲ್ಲಿ ಏನೂ ಉಳಿಯುವುದಿಲ್ಲ, ಗದ್ದೆಗೂ ಅಡಿಕೆ ಹಾಕಿಬಿಡೋಣ ಎಂದು ಹುಡುಗಿಯ ಅಪ್ಪನ ಯೋಚನೆ. ಸಸಿಗೆ ಮುಂಗಡ ಕೊಡಲು ಹೊರಟಿದ್ದರು. "ಅಲ್ಲಿ ನೀರು ನಿಲ್ಲುತ್ತದೆ ಮಾರಾಯ" ಎಂದು ಅಜ್ಜನ ತಕರಾರು. ಆದರೆ ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ನೀರು ಎಲ್ಲಿ ನಿಲ್ಲುತ್ತದೆ, ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂದು ಮಾರ್ಚ್‌ನಲ್ಲಿ ತೋರಿಸುವುದು ಹೇಗೆ? ಮಣ್ಣು ಸರ್ವೆಯ ಕೆಲಸ ಮಾಡುವ ನನ್ನನ್ನು ಕರೆದದ್ದು ಅದಕ್ಕೇ. ನನ್ನ ಚೀಲದಲ್ಲಿ ಒಂದು ಹಾರೆ, ಒಂದು ಅಳತೆ ಟೇಪು, ನೀರಿನ ಬಾಟಲಿ ಮತ್ತು ಮನ್ಸೆಲ್ ಬಣ್ಣದ ಪುಸ್ತಕ ಇದ್ದವು.

ಆಲ್ಬರ್ಟ್ ಮನ್ಸೆಲ್ ಅಮೆರಿಕದ ಒಬ್ಬ ಚಿತ್ರಕಾರ, ಕಲಾ ಶಾಲೆಯ ಮೇಷ್ಟ್ರು. ಒಬ್ಬರು ಹೇಳಿದ ಬಣ್ಣ ಇನ್ನೊಬ್ಬರಿಗೆ ಸರಿಯಾಗಿ ತಿಳಿಯಬೇಕು ಎಂದು ಬಣ್ಣಗಳಿಗೆ ಅಂಕಿ ಕೊಡುವ ಕ್ರಮವೊಂದನ್ನು 1905ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಮಣ್ಣಿನ ವಿಜ್ಞಾನಿಗಳು ಅದರಲ್ಲಿ ಮಣ್ಣಿಗೆ ಬೇಕಾದ ಬಣ್ಣಗಳನ್ನಷ್ಟೇ ಆರಿಸಿ ಜೇಬಿಗೆ ಹಿಡಿಸುವಂಥ ಪುಸ್ತಕ ಮಾಡಿಕೊಂಡರು. ಇಂದು ಭಾರತದಲ್ಲೂ ಮಣ್ಣು ಸರ್ವೆಗೆ ಬಳಸುವುದು ಅದನ್ನೇ. ಪ್ರತಿ ಪುಟದಲ್ಲಿ ಸಣ್ಣ ಸಣ್ಣ ಬಣ್ಣದ ಚೌಕಗಳು, ಪ್ರತಿ ಚೌಕದ ಪಕ್ಕದಲ್ಲಿ ಒಂದು ತೂತು. ಮಣ್ಣನ್ನು ಪುಟದ ಹಿಂದೆ ಹಿಡಿದು ತೂತಿನಲ್ಲಿ ನೋಡಿದರೆ ಯಾವ ಚೌಕಕ್ಕೆ ಹೊಂದುತ್ತದೆ ಎಂದು ಕಾಣುತ್ತದೆ.

ಬಣ್ಣಕ್ಕೆ ಮೂರು ಅಂಕಿ. ಮೊದಲನೆಯದು ಹ್ಯೂ, ಅಂದರೆ ಬಣ್ಣದ ಜಾತಿ. ಅರಿಸಿನಕ್ಕೆ ಸುಣ್ಣ ಬೆರೆಸುತ್ತಾ ಹೋದಂತೆ ಹಳದಿ ಕೆಂಪಾಗುತ್ತದಲ್ಲ, ಆ ದಾರಿಯಲ್ಲಿ ಎಲ್ಲಿದ್ದೀರಿ ಎಂದು ಹೇಳುವುದು ಇದು. 2.5 ವೈಆರ್ ಎಂಬ ಪುಟ ಕೆಂಪಿನ ಹತ್ತಿರ, 10 ವೈಆರ್ ಹಳದಿಯ ಹತ್ತಿರ. ಎರಡನೆಯದು ವ್ಯಾಲ್ಯೂ. ಹಳೆಯ ಕಪ್ಪು ಬಿಳುಪು ಫೋಟೊ ತೆಗೆದರೆ ಆ ಮಣ್ಣು ಎಷ್ಟು ಕಪ್ಪಾಗಿ ಕಾಣುತ್ತಿತ್ತು ಎಂಬುದು. ಸೊನ್ನೆ ಎಂದರೆ ಕಡುಗಪ್ಪು, ಹತ್ತು ಎಂದರೆ ಅಚ್ಚ ಬಿಳುಪು. ಮೂರನೆಯದು ಕ್ರೋಮಾ. ಒಂದು ಬಟ್ಟಲು ಹಿಟ್ಟಿಗೆ ಒಂದು ಚಿಟಿಕೆ ಅರಿಸಿನ ಹಾಕಿದರೆ ಬಣ್ಣ ಮಂಕು, ನಾಲ್ಕು ಚಮಚ ಹಾಕಿದರೆ ಢಾಳು. ಆ ಢಾಳುತನವೇ ಕ್ರೋಮಾ. ಅದು 1 ಎಂದರೆ ಬಹುಮಟ್ಟಿಗೆ ಬೂದಿ ಬಣ್ಣ. 2.5 ವೈಆರ್ 4/6 ಎಂದು ಬರೆದರೆ ವ್ಯಾಲ್ಯೂ 4, ಕ್ರೋಮಾ 6 ಇರುವ ಕೆಮ್ಮಣ್ಣು. ಅಜ್ಜನ ಗುಡ್ಡದ ಮಣ್ಣು ಅದೇ.

ಗುಡ್ಡದ ಗುಂಡಿಯಲ್ಲಿ ಹುಡುಗಿಯೇ ಮೊದಲು ನೋಡಿದಳು. ಹೆಂಟೆಯನ್ನು ಕೈಯಲ್ಲಿ ಮುರಿದು ಒಳಗಿನ ಹೊಸ ಮೈ ನೋಡಬೇಕು. ಹಾರೆ ಉಜ್ಜಿದ ಮೈಯಲ್ಲ. ಬಾಟಲಿಯಿಂದ ಹನಿ ಹನಿ ನೀರು ಹಾಕುತ್ತಾ ಹೋಗಬೇಕು, ಇನ್ನು ಬಣ್ಣ ಬದಲಾಗುವುದಿಲ್ಲ ಎಂದಾಗ ನಿಲ್ಲಿಸಬೇಕು. ಮೈ ನೀರಿನಿಂದ ಮಿನುಗುತ್ತಿದ್ದರೆ ಹೆಚ್ಚಾಯಿತು ಎಂದು ಅರ್ಥ. ಬಿಸಿಲು ನಮ್ಮ ಬೆನ್ನಿಗಿರಬೇಕು. ಮುಂಜಾನೆ ಮತ್ತು ಸಂಜೆಯ ಬೆಳಕೇ ಕೆಂಪಾಗಿರುವುದರಿಂದ ಆಗ ನೋಡಿದರೆ ಎಲ್ಲ ಮಣ್ಣೂ ಕೆಂಪು. ಮೊಬೈಲಿನಲ್ಲಿ ಫೋಟೊ ತೆಗೆದು ಆಮೇಲೆ ಹೋಲಿಸೋಣ ಎಂದಳು. ಬೇಡ ಎಂದೆ. ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ತಿದ್ದಿಬಿಡುತ್ತದೆ.

ಮೇಲಿಂದ ಒಂದು ಮೀಟರ್ ಆಳದವರೆಗೂ ಅದೇ ಕೆಂಪು. ಅದು ಕಬ್ಬಿಣದ ತುಕ್ಕಿನ ಬಣ್ಣ. ಮಣ್ಣಿನ ಕಣಕಣದ ಮೇಲೂ ಕಬ್ಬಿಣದ ತೆಳು ಲೇಪವಿದೆ. ನೀರು ಬೇಗ ಬಸಿದು ಹೋಗಿ ಗಾಳಿ ಆಡುವ, ಬಿಸಿಲಿಗೆ ಒಣಗುವ ಜಾಗದಲ್ಲಿ ಹೆಮಟೈಟ್ ಎಂಬ ಕೆಂಪು ತುಕ್ಕು ಹೆಚ್ಚಾಗುತ್ತದೆ. ಇಳಿಜಾರಿನ ಅಡಿಕೆ ತೋಟದಲ್ಲಿ ತೋಡಿದಾಗ ಮೇಲ್ಮಣ್ಣಿನ ಕೆಳಗೆ ಸಿಕ್ಕಿದ್ದು ಹಳದಿ ಕಂದು, 10 ವೈಆರ್ 5/6. ಗುಡ್ಡದ ನೀರು ಒಳಗೊಳಗೇ ಇಳಿದು ಬರುವ ಈ ಜಾಗದಲ್ಲಿ ತೇವ ಸ್ವಲ್ಪ ಹೆಚ್ಚು ದಿನ ಉಳಿಯುತ್ತದೆ. ಅಂಥಲ್ಲಿ ಗೋಥೈಟ್ ಎಂಬ ಹಳದಿ ತುಕ್ಕಿನದೇ ಮೇಲುಗೈ. ಅಡಿಕೆಗೆ ಇದು ತೊಂದರೆಯಲ್ಲ, ಕ್ರೋಮಾ ಇನ್ನೂ 6 ಇದೆ, ಬೇರಿಗೆ ಗಾಳಿ ಸಿಗುತ್ತಿದೆ.

ಗದ್ದೆಯ ಗುಂಡಿಯೇ ಬೇರೆ. ಮೇಲಿನ ಗೇಣುದ್ದ ಕಪ್ಪುಕಂದು. ಅದರ ಕೆಳಗೆ, 35 ಸೆಂಟಿಮೀಟರ್‌ನಿಂದ, ಮಣ್ಣು ಬೂದಿಯಂತೆ ಬೆಳ್ಳಗಾಗಿತ್ತು. ಪುಸ್ತಕದಲ್ಲಿ 10 ವೈಆರ್ 6/1. ಬೂದಿಯ ನಡುವೆ ಅಲ್ಲಲ್ಲಿ ಕಿತ್ತಳೆ ಚುಕ್ಕೆಗಳು. 70 ಸೆಂಟಿಮೀಟರ್ ದಾಟಿದ ಮೇಲೆ ಚುಕ್ಕೆಯೂ ಇಲ್ಲ, ಬರೀ ಬೂದಿ.

"ಇಲ್ಲಿಯ ಕಬ್ಬಿಣ ಯಾರು ತಿಂದ್ರು?" ಎಂದಳು ಹುಡುಗಿ. ಪ್ರಶ್ನೆ ಸರಿಯಾಗಿಯೇ ಇತ್ತು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ನಿಂತರೆ ಅಲ್ಲಿರುವ ಸೂಕ್ಷ್ಮಜೀವಿಗಳು ಇದ್ದಷ್ಟು ಆಮ್ಲಜನಕವನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಆಮೇಲೆ ಕೆಲವು ಜಾತಿಯವು ಆಮ್ಲಜನಕದ ಬದಲು ತುಕ್ಕಿನ ಕಬ್ಬಿಣವನ್ನೇ ಬಳಸಿಕೊಂಡು ಬದುಕುತ್ತವೆ. ಆಗ ತುಕ್ಕು ಕರಗುತ್ತದೆ, ನೀರಿನೊಂದಿಗೆ ಹರಿದು ಹೋಗುತ್ತದೆ. ಲೇಪ ಕಳೆದುಕೊಂಡ ಮರಳು, ಜೇಡಿಯ ಸ್ವಂತ ಬಣ್ಣ ಉಳಿಯುತ್ತದೆ, ಅದೇ ಬೂದಿ. ಬೇಸಿಗೆಯಲ್ಲಿ ನೀರು ಇಳಿದು ಬಿರುಕಿನಲ್ಲೋ ಬೇರಿನ ದಾರಿಯಲ್ಲೋ ಗಾಳಿ ಬಂದಾಗ ಕರಗಿದ ಕಬ್ಬಿಣ ಅಲ್ಲಿ ಮತ್ತೆ ತುಕ್ಕಾಗುತ್ತದೆ. ಆ ಕಿತ್ತಳೆ ಚುಕ್ಕೆಗಳು ಅದರವು. ಹಾಗಾಗಿ ಚುಕ್ಕೆ ಇರುವ ಆಳ ಎಂದರೆ ನೀರು ಏರಿ ಇಳಿಯುವ ಜಾಗ. ಬರೀ ಬೂದಿ ಇರುವ ಆಳದಲ್ಲಿ ವರ್ಷದ ಹೆಚ್ಚು ಭಾಗ ನೀರು. ವ್ಯಾಲ್ಯೂ 4 ಅಥವಾ ಮೇಲಿದ್ದು ಕ್ರೋಮಾ 2 ಅಥವಾ ಕಡಿಮೆ ಇದ್ದರೆ ನಾವು ಸರ್ವೆಯವರು ಮೊದಲು ಅನುಮಾನಿಸುವುದು ನೀರನ್ನೇ.

ಅಡಿಕೆ ಸಸಿಯ ಗುಂಡಿಯನ್ನು ಸಾಮಾನ್ಯವಾಗಿ 90 ಸೆಂಟಿಮೀಟರ್ ಆಳ ತೋಡುತ್ತಾರೆ. ಇಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿಯಲ್ಲಿ ಕೂರುತ್ತಿತ್ತು. ಅಪ್ಪ ಟೇಪನ್ನು ಎರಡು ಸಲ ಇಟ್ಟು ನೋಡಿದರು, ಏನೂ ಮಾತಾಡಲಿಲ್ಲ.

ಬಣ್ಣ ಯಾವಾಗಲೂ ಇಷ್ಟು ನೇರವಾಗಿ ಹೇಳುವುದಿಲ್ಲ ಎಂದೂ ಅವರಿಗೆ ಹೇಳಿದೆ. ಮೊದಲಿನಿಂದಲೂ ಕಬ್ಬಿಣವೇ ಇಲ್ಲದ ಬಿಳಿ ಮರಳು ಎಷ್ಟು ಚೆನ್ನಾಗಿ ನೀರು ಬಸಿದರೂ ಬೂದಿಯಾಗಿಯೇ ಕಾಣುತ್ತದೆ. ಹಿಂದೆ ಜೌಗಾಗಿದ್ದು ಆಮೇಲೆ ಆಳದ ಬಸಿಗಾಲುವೆ ತೆಗೆದ ಜಾಗದಲ್ಲಿ ಹಳೆಯ ಬೂದಿ ಬಣ್ಣ ಎಷ್ಟೋ ವರ್ಷ ಉಳಿದಿರುತ್ತದೆ. ಈ ಗದ್ದೆಗೆ ಕಾಲುವೆ ತೆಗೆದದ್ದನ್ನು ಅಜ್ಜ ಕಂಡಿಲ್ಲ, ಕಿತ್ತಳೆ ಚುಕ್ಕೆಗಳೂ ಹೊಸ ಬೇರುಗಳ ಸುತ್ತಲೇ ಇದ್ದವು. ಹಾಗಾಗಿ ಇದು ಹಳೆಯ ಕತೆಯಲ್ಲ ಎನಿಸಿತು.

ಇನ್ನು ಮೇಲ್ಮಣ್ಣಿನ ಕಪ್ಪು. ಕೊಳೆತ ಎಲೆ, ಬೇರು, ಗೊಬ್ಬರ ಕೊನೆಗೆ ಹ್ಯೂಮಸ್ ಆಗಿ ಕಣಗಳಿಗೆ ಅಂಟಿಕೊಂಡಾಗ ವ್ಯಾಲ್ಯೂ ಕೆಳಗೆ ಇಳಿಯುತ್ತದೆ. ಅಡಿಕೆ ಮರದ ಬುಡದಲ್ಲಿ, ವರ್ಷಾವರ್ಷ ಸೊಪ್ಪು ಹಾಕಿದ ಕಡೆ 7.5 ವೈಆರ್ 3/2 ಬಂತು. ನಾಲ್ಕು ಹೆಜ್ಜೆ ಆಚೆ, ಓಡಾಡಿ ಸವೆದ ಕಾಲುದಾರಿಯಲ್ಲಿ 4/4. ಒಂದೇ ತೋಟ, ಒಂದೇ ಮಣ್ಣು, ವ್ಯತ್ಯಾಸ ಸೊಪ್ಪಿನದು. ಗುಡ್ಡದ ಬೋಳು ಭಾಗದಲ್ಲಂತೂ ಮೇಲ್ಮೈಯಲ್ಲೇ ಒಳಗಿನ 4/6ರ ಕೆಂಪು ಕಂಡಿತು, ಮೇಲಿನ ಕಪ್ಪುಪದರ ಮಳೆಗೆ ಕೊಚ್ಚಿ ಹೋಗಿದೆ.

ಇಲ್ಲಿ ಹುಡುಗಿ ಒಮ್ಮೆ ಎಡವಿದಳು. ಗದ್ದೆಯ ಒಣ ಹೆಂಟೆಯನ್ನು ನೋಡಿ "ವ್ಯಾಲ್ಯೂ 5, ಗೊಬ್ಬರವೇ ಇಲ್ಲ!" ಎಂದಳು. ನೀರು ಹಾಕಿದ ಕೂಡಲೇ ಅದೇ ಹೆಂಟೆ 3ಕ್ಕೆ ಇಳಿಯಿತು. ಒಣ ಮಣ್ಣು ಹಸಿ ಮಣ್ಣಿಗಿಂತ ಸಾಮಾನ್ಯವಾಗಿ ಒಂದೆರಡು ಮೆಟ್ಟಿಲು ತಿಳಿ. ಅದಕ್ಕೇ ಅಂಕಿಯ ಪಕ್ಕದಲ್ಲಿ ಒಣ ಅಥವಾ ಹಸಿ ಎಂದು ಬರೆಯದಿದ್ದರೆ ಆ ಅಂಕಿ ಉಪಯೋಗಕ್ಕೆ ಬಾರದು.

ಅಜ್ಜನಿಗೆ ಮಾತ್ರ ಒಂದು ಅನುಮಾನ ಉಳಿದಿತ್ತು. ಮಗಳನ್ನು ಕೊಟ್ಟದ್ದು ಗದಗದ ಕಡೆಗೆ, ಅಲ್ಲಿ ಎರೆ ಹೊಲ. "ಅವರ ಮಣ್ಣು ಇದಕ್ಕಿಂತ ಕಪ್ಪು. ಹಾಗಾದರೆ ಅಲ್ಲಿ ಗೊಬ್ಬರದಂಶ ಜಾಸ್ತಿಯಾ?" ಇಲ್ಲ. ನಮ್ಮ ಎರೆ ಮಣ್ಣಿನಲ್ಲಿ ಹೆಚ್ಚಾಗಿ ಸಾವಯವ ಇಂಗಾಲ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಅಲ್ಲಿಯ ನುಣುಪಾದ, ಉಬ್ಬಿ ಕುಗ್ಗುವ ಜೇಡಿ ಇರುವಷ್ಟು ಹ್ಯೂಮಸ್ಸನ್ನೇ ಬಿಗಿಯಾಗಿ ಹಿಡಿದುಕೊಂಡು ಕಪ್ಪಾಗಿ ಕಾಣುತ್ತದೆ. ಮಲೆನಾಡಿನ ಕಾಡಿನ ಕೆಳಗಿನ ಮಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇಂಗಾಲವಿದ್ದರೂ ತುಕ್ಕಿನ ಕೆಂಪು ಅದನ್ನು ಮುಚ್ಚಿಡುತ್ತದೆ. ಹಾಗಾಗಿ ಕಪ್ಪಿನ ಲೆಕ್ಕ ಒಂದೇ ಹೊಲದ ಒಳಗೆ, ಒಂದೇ ಜಾತಿಯ ಮಣ್ಣಿನ ಒಳಗೆ ನಡೆಯುತ್ತದೆ. ಸಾಗರವನ್ನು ಗದಗದೊಂದಿಗೆ ಹೋಲಿಸಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಸಸಿಯ ಮುಂಗಡ ಕೊಡುವುದನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿದರು. ಗುಂಡಿ ಮುಚ್ಚುವ ಮೊದಲು ಅದರಲ್ಲಿ ತೂತು ಕೊರೆದ ಒಂದು ಪಿವಿಸಿ ಪೈಪನ್ನು ನಿಲ್ಲಿಸಿ, ಸುತ್ತ ಜಲ್ಲಿ ತುಂಬಿದೆವು. ಪ್ರತಿ ಭಾನುವಾರ ಪೈಪಿನೊಳಗೆ ಕೋಲು ಇಳಿಸಿ, ಎಷ್ಟು ಆಳದಲ್ಲಿ ನೀರು ಎಂದು ಬರೆದಿಡುವುದು ಹುಡುಗಿಯ ಕೆಲಸ. ಜುಲೈ ಎರಡನೇ ವಾರ ಅವಳ ಫೋನ್ ಬಂತು. "ಮಾವ, 28 ಸೆಂಟಿಮೀಟರ್!" ಆಗಸ್ಟ್ ಇಡೀ ನೀರು 30ರ ಆಸುಪಾಸಿನಲ್ಲೇ ಇತ್ತು, ಅಂದರೆ ಬೂದಿ ಶುರುವಾಗುವ ಆಳಕ್ಕಿಂತ ಸ್ವಲ್ಪ ಮೇಲೆಯೇ.

ಗದ್ದೆಯ ಮೇಲಂಚಿನ ಎರಡು ಹಾಳೆಗೆ ಮಾತ್ರ ಗುಂಡಿಯ ತಳಕ್ಕಿಂತ ಆಳವಾದ ಬಸಿಗಾಲುವೆ ತೆಗೆದು ಅಡಿಕೆ ಹಾಕುತ್ತಾರಂತೆ. ಕೆಳಗಿನದರಲ್ಲಿ ಭತ್ತವೇ. ಕೊಯ್ಲಿನ ದಿನ ಹುಡುಗಿ ಒಂದು ಬುಡ ಕಿತ್ತು ತೊಳೆದು ನೋಡಿದ್ದಾಳೆ. ಬೇರಿನ ಮೇಲೆಲ್ಲ ಕಿತ್ತಳೆ ಲೇಪ. ಭತ್ತ ತನ್ನ ಟೊಳ್ಳು ಕಾಂಡದ ಮೂಲಕ ಬೇರಿಗೆ ಗಾಳಿ ಇಳಿಸಿಕೊಳ್ಳುವುದರಿಂದ ಅಲ್ಲಿ ಕಬ್ಬಿಣ ತುಕ್ಕಾಗಿ ಕೂತಿತ್ತು. ಅದನ್ನು ಒಣಗಿಸಿ ನೋಟ್ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ 7.5 ವೈಆರ್ 5/8 ಎಂದು ಬರೆದಿದ್ದಾಳೆ. ಬಣ್ಣದ ಪುಸ್ತಕ ನನ್ನ ಹತ್ತಿರ ಇದೆ, ಹೇಗೆ ಬರೆದೆ ಎಂದು ಕೇಳಿದೆ. ಮಾರ್ಚ್‌ನಲ್ಲಿ ಗುಂಡಿಯ ಕಿತ್ತಳೆ ಚುಕ್ಕೆಗೆ ಬಂದ ಅಂಕಿ ಅದೇ ಅಲ್ವಾ, ನೆನಪಿತ್ತು ಎಂದಳು.