ಏರಿಯ ಮಣ್ಣಿಗೆ ಹದದ ಅಳತೆ

ಕೆರೆಯ ಏರಿಗೆ ಹಾಕುವ ಮಣ್ಣಿಗೆ ಎರಡು ಕೆಲಸಗಳಿವೆ. ಅದು ನೀರನ್ನು ಹಿಡಿದು ನಿಲ್ಲಿಸಬೇಕು. ತಾನೂ ಬಿರಿಯದೆ, ಜಾರದೆ, ಕೊಚ್ಚಿಹೋಗದೆ ನಿಲ್ಲಬೇಕು. ನೀರು ಹಿಡಿಯುವುದರಲ್ಲಿ ಎರೆಮಣ್ಣು ಗಟ್ಟಿಗ, ಆದರೆ ಬೇಸಿಗೆ ಬಂದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮರಳು ಬಿರಿಯುವುದಿಲ್ಲ, ಆದರೆ ನೀರು ನಿಲ್ಲಿಸುವುದಿಲ್ಲ. ಇವೆರಡರ ನಡುವೆ ಯಾವ ಮಣ್ಣು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಅದಕ್ಕೆ ಮಣ್ಣಿಗೂ ನೀರಿಗೂ ಇರುವ ಸಂಬಂಧವನ್ನೇ ಅಳೆಯಬೇಕು. ದ್ರವಮಿತಿ, ಪ್ಲಾಸ್ಟಿಕ್ ಮಿತಿ ಮತ್ತು ಇವೆರಡರ ಅಂತರವಾದ ಪ್ಲಾಸ್ಟಿಸಿಟಿ ಇಂಡೆಕ್ಸ್ ಮಾಡುವುದು ಇದನ್ನೇ.

ಒಣಗಿದ ಜೇಡಿಮಣ್ಣಿನ ಹೆಂಟೆಗೆ ಸ್ವಲ್ಪಸ್ವಲ್ಪವೇ ನೀರು ಸೇರಿಸುತ್ತ ಹೋದರೆ ಅದು ಮೊದಲು ಪುಡಿಪುಡಿಯಾಗುತ್ತದೆ, ಆಮೇಲೆ ಕುಂಬಾರನ ಕೈಗೆ ಒಗ್ಗುವ ಹದಕ್ಕೆ ಬರುತ್ತದೆ, ಕೊನೆಗೆ ರಾಡಿಯಾಗಿ ಹರಿಯತೊಡಗುತ್ತದೆ. ಪುಡಿಯಾಗುವುದು ನಿಂತು ಹದ ಶುರುವಾಗುವ ನೀರಿನ ಪ್ರಮಾಣವೇ ಪ್ಲಾಸ್ಟಿಕ್ ಮಿತಿ. ಹದ ಮುಗಿದು ಹರಿವು ಶುರುವಾಗುವ ಪ್ರಮಾಣ ದ್ರವಮಿತಿ. ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಅಟೆರ್‌ಬರ್ಗ್ 1911ರಲ್ಲಿ ಈ ಮಿತಿಗಳನ್ನು ಮುಂದಿಟ್ಟಾಗ ಅವನ ಗಮನವಿದ್ದದ್ದು ಕೃಷಿಯ ಮಣ್ಣಿನ ಮೇಲೆ. ಮುಂದೆ ಆರ್ಥರ್ ಕ್ಯಾಸಗ್ರಾಂಡೆ 1932ರಲ್ಲಿ ದ್ರವಮಿತಿಗೆ ಒಂದು ಉಪಕರಣವನ್ನು ರೂಪಿಸಿ ಅದನ್ನು ಎಂಜಿನಿಯರುಗಳ ಕೈಗೆ ಕೊಟ್ಟ. ಭಾರತದ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಇಂದಿಗೂ ಐಎಸ್ 2720ರ 5ನೇ ಭಾಗದಂತೆ ನಡೆಯುತ್ತದೆ.

ಪರೀಕ್ಷೆಗೆ ಬೇಕಾಗುವುದು 425 ಮೈಕ್ರಾನ್ ಜರಡಿಯಲ್ಲಿ ಇಳಿದ ಸುಮಾರು 120 ಗ್ರಾಂ ಮಣ್ಣು. ಅದನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ನೀರು ಕಣಕಣಕ್ಕೂ ಇಳಿಯುವಂತೆ ಮುಚ್ಚಿಡಬೇಕು. ಎರೆಮಣ್ಣಿನಂಥ ಜಿಗುಟು ಮಣ್ಣಿಗೆ ಒಂದು ರಾತ್ರಿ ಬಿಟ್ಟರೂ ಹೆಚ್ಚಲ್ಲ. ಆಮೇಲೆ ಹಿತ್ತಾಳೆಯ ಬಟ್ಟಲಿನಲ್ಲಿ ಮಣ್ಣನ್ನು ಹರಡಿ, ನಡುವೆ ತಳದಲ್ಲಿ 2 ಮಿ.ಮೀ. ಅಗಲದ ಸೀಳು ಎಳೆಯುತ್ತಾರೆ. ಹಿಡಿಕೆ ತಿರುಗಿಸಿದರೆ ಬಟ್ಟಲು 1 ಸೆಂ.ಮೀ. ಮೇಲೆದ್ದು ರಬ್ಬರ್ ಹಲಗೆಯ ಮೇಲೆ ಬೀಳುತ್ತದೆ, ಸೆಕೆಂಡಿಗೆ ಎರಡು ಬಾರಿ. ಸೀಳಿನ ಎರಡು ದಡಗಳು 12 ಮಿ.ಮೀ. ಉದ್ದಕ್ಕೆ ಕೂಡಿಕೊಳ್ಳಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. 25 ಪೆಟ್ಟಿಗೆ ಕೂಡಿಕೊಳ್ಳುವ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ದ್ರವಮಿತಿ. ಸರಿಯಾಗಿ 25ಕ್ಕೇ ಕೂಡಿಸುವುದು ಕಷ್ಟ. ಹಾಗಾಗಿ ನಾಲ್ಕು ಬೇರೆ ಬೇರೆ ಹದದಲ್ಲಿ ಪರೀಕ್ಷಿಸಿ, ಗ್ರಾಫಿನಲ್ಲಿ ಗೆರೆ ಎಳೆದು 25ಕ್ಕೆ ಎದುರಾಗುವ ಅಂಕಿಯನ್ನು ಓದುತ್ತಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದ್ರವಮಿತಿಯಲ್ಲಿರುವಾಗ ಎಲ್ಲ ಮಣ್ಣುಗಳೂ ಹೆಚ್ಚುಕಡಿಮೆ ಒಂದೇ ಮೆತ್ತಗಿರುತ್ತವೆ. ಅದೇ ಮೆತ್ತಗೆ ಬರಲು ಒಂದು ಮಣ್ಣಿಗೆ ತನ್ನ ಒಣ ತೂಕದ ನೂರಕ್ಕೆ 30ರಷ್ಟು ನೀರು ಸಾಕು, ಇನ್ನೊಂದಕ್ಕೆ 70 ಬೇಕು. ಹೆಚ್ಚು ನೀರು ಕುಡಿದಷ್ಟೂ ಅದರಲ್ಲಿ ನುಣುಪಾದ ಜೇಡಿಕಣ ಹೆಚ್ಚಿದೆ, ಅಥವಾ ಎರೆಮಣ್ಣಿನಲ್ಲಿರುವಂತೆ ಉಬ್ಬುವ ಜಾತಿಯ ಜೇಡಿ ಇದೆ ಎಂದರ್ಥ.

ಪ್ಲಾಸ್ಟಿಕ್ ಮಿತಿಗೆ ಉಪಕರಣವೇ ಬೇಡ. ನಾದಿದ ಮಣ್ಣಿನ ಸಣ್ಣ ಉಂಡೆಯನ್ನು ಗಾಜಿನ ಹಲಗೆಯ ಮೇಲಿಟ್ಟು ಅಂಗೈಯಿಂದ ಉರುಳಿಸಿ, ಶಾವಿಗೆಯಂಥ ಎಳೆ ಮಾಡುತ್ತಾರೆ. ಎಳೆ 3 ಮಿ.ಮೀ.ಗಿಂತ ಸಣ್ಣಗಾದರೂ ಮುರಿಯಲಿಲ್ಲವೆಂದರೆ ನೀರು ಇನ್ನೂ ಹೆಚ್ಚಿದೆ. ಮತ್ತೆ ಉಂಡೆ ಕಟ್ಟಿ, ನಾದಿ, ಮತ್ತೆ ಉರುಳಿಸಬೇಕು. ಹೀಗೆ ಮಾಡುತ್ತ ಅಂಗೈಯ ಬಿಸಿಗೆ ನೀರು ಆರಿ, ಸರಿಯಾಗಿ 3 ಮಿ.ಮೀ. ದಪ್ಪದಲ್ಲಿ ಎಳೆ ತುಂಡುತುಂಡಾದಾಗ ಆ ತುಂಡುಗಳನ್ನು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿದರೆ ಪ್ಲಾಸ್ಟಿಕ್ ಮಿತಿ ಸಿಗುತ್ತದೆ. ಒದ್ದೆ ತುಂಡುಗಳು 12 ಗ್ರಾಂ ಇದ್ದು ಒಣಗಿದ ಮೇಲೆ 10 ಗ್ರಾಂ ಉಳಿದರೆ, 10 ಗ್ರಾಂ ಮಣ್ಣಿನಲ್ಲಿದ್ದ ನೀರು 2 ಗ್ರಾಂ, ಅಂದರೆ ಮಿತಿ 20. ಭಾಗಿಸುವುದು ಒಣ ತೂಕದಿಂದ ಎಂಬುದನ್ನು ಮರೆಯಬಾರದು. ಒದ್ದೆ ತೂಕದಿಂದ ಭಾಗಿಸಿ ಅಂಕಿ ಕೆಡಿಸಿಕೊಳ್ಳುವುದು ಹೊಸಬರು ಮಾಡುವ ತಪ್ಪು.

ಅಂಕಿಗಳು ಹೇಗೆ ಮಾತಾಡುತ್ತವೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಒಂದು ಸಣ್ಣ ಕೆರೆಗೆ ನಾಲ್ಕು ಮೀಟರ್ ಎತ್ತರದ ಏರಿ ಕಟ್ಟಬೇಕಾಗಿದೆ ಎಂದುಕೊಳ್ಳೋಣ. ಹತ್ತಿರದಲ್ಲಿ ಮಣ್ಣು ತೆಗೆಯಲು ಮೂರು ಜಾಗಗಳಿವೆ: ದಿಬ್ಬದ ಮೇಲಿನ ಕೆಮ್ಮಣ್ಣು, ಹೊಲದಂಚಿನ ಎರೆಮಣ್ಣು, ಹಳ್ಳದ ದಂಡೆಯ ಬೂದುಬಣ್ಣದ ನುಣ್ಣನೆಯ ಗೋಡು. ಕೆಮ್ಮಣ್ಣಿನ ದ್ರವಮಿತಿ 38, ಪ್ಲಾಸ್ಟಿಕ್ ಮಿತಿ 20. ಎರೆಮಣ್ಣಿನದು 68 ಮತ್ತು 27. ಗೋಡಿನದು 34 ಮತ್ತು 28.

ದ್ರವಮಿತಿಯನ್ನಷ್ಟೇ ನೋಡಿದರೆ ಕೆಮ್ಮಣ್ಣು, ಗೋಡು ಎರಡೂ ಒಂದೇ ಮನೆಯವು ಅನ್ನಿಸುತ್ತದೆ. 38ಕ್ಕೂ 34ಕ್ಕೂ ಏನು ಮಹಾ ವ್ಯತ್ಯಾಸ? ಕಳೆದು ನೋಡಿದಾಗ ಗುಟ್ಟು ಹೊರಬೀಳುತ್ತದೆ. ಕೆಮ್ಮಣ್ಣಿನ ಪ್ಲಾಸ್ಟಿಸಿಟಿ ಇಂಡೆಕ್ಸ್ 18, ಗೋಡಿನದು ಬರೀ 6. ಕೆಮ್ಮಣ್ಣು 20ರಿಂದ 38ರವರೆಗೆ ನೀರು ಏರಿದರೂ ಹದ ಬಿಡುವುದಿಲ್ಲ. ಅದರ ಕಣಗಳು ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ. ಗೋಡು 28ರಲ್ಲಿ ಪುಡಿ, 34ರಲ್ಲಿ ರಾಡಿ. ಅದರ ಹದದ ಅಂತರ ಆರೇ ಆರು. ಮಳೆಗಾಲದ ಒಂದು ವಾರದಲ್ಲಿ ಏರಿಯ ಮಣ್ಣು ಅಷ್ಟು ನೀರು ಹೀರಿಕೊಳ್ಳುವುದು ಏನೂ ದೊಡ್ಡದಲ್ಲ. ಕಣಗಳ ನಡುವೆ ಅಂಟು ಇಲ್ಲದ ಕಾರಣ, ಒಳಗೆ ಜಿನುಗುವ ನೀರು ಅವನ್ನು ಒಂದೊಂದಾಗಿ ಹೊತ್ತೊಯ್ಯುತ್ತದೆ. ತೂಬಿನ ಪೈಪಿನ ಪಕ್ಕದಲ್ಲಿ ಇಂಥ ಮಣ್ಣು ಹಾಕಿದರೆ ಪೈಪಿನ ಗುಂಟ ನೀರು ದಾರಿ ಮಾಡಿಕೊಂಡು, ಏರಿಯ ಹಿಂಭಾಗದಲ್ಲಿ ಮಣ್ಣು ಬೆರೆತ ಕದಡಿದ ಊಟೆಯಾಗಿ ಹೊರಬರುತ್ತದೆ. ತಿಳಿನೀರು ಜಿನುಗುವುದಕ್ಕಿಂತ ಕದಡಿದ ನೀರು ಬರುವುದು ಎಷ್ಟೋ ಅಪಾಯದ ಸೂಚನೆ.

ಕ್ಯಾಸಗ್ರಾಂಡೆ ಈ ವ್ಯತ್ಯಾಸವನ್ನು ಒಂದು ಗೆರೆಯಲ್ಲಿ ಹಿಡಿದಿಟ್ಟ. ದ್ರವಮಿತಿಯಿಂದ 20 ಕಳೆದು, ಉಳಿದದ್ದನ್ನು 0.73ರಿಂದ ಗುಣಿಸಬೇಕು. ಬಂದ ಅಂಕಿಗಿಂತ ಪ್ಲಾಸ್ಟಿಸಿಟಿ ಇಂಡೆಕ್ಸ್ ಹೆಚ್ಚಿದ್ದರೆ ಅದು ಜೇಡಿ, ಕಡಿಮೆಯಿದ್ದರೆ ಗೋಡು ಅಥವಾ ಸಾವಯವ ಕೊಳೆ ಬೆರೆತ ಮಣ್ಣು. ಕೆಮ್ಮಣ್ಣಿಗೆ ಬರುವುದು 13. ಅದರ ಇಂಡೆಕ್ಸ್ 18, ಗೆರೆಯ ಮೇಲಿದೆ. ಗೋಡಿಗೆ ಬರುವುದು 10; ಅದರ ಇಂಡೆಕ್ಸ್ 6, ಗೆರೆಯ ಕೆಳಗಿದೆ. ಎರೆಮಣ್ಣಿಗೆ ಬರುವುದು 35, ಅದರ ಇಂಡೆಕ್ಸ್ 41. ಭಾರತೀಯ ವರ್ಗೀಕರಣದಲ್ಲಿ ದ್ರವಮಿತಿ 35ರೊಳಗಿನ ಜೇಡಿಗೆ ಸಿಎಲ್, 35ರಿಂದ 50ರವರೆಗೆ ಸಿಐ, 50 ದಾಟಿದರೆ ಸಿಎಚ್ ಎಂದು ಹೆಸರು. ಹಾಗಾಗಿ ಕೆಮ್ಮಣ್ಣು ಸಿಐ, ಎರೆಮಣ್ಣು ಸಿಎಚ್. ಒಂದೇ ಬಗೆಯ ಮಣ್ಣಿನಿಂದ ಕಟ್ಟುವ ಸಣ್ಣ ಏರಿಗೆ ಸಿಎಲ್ ಮತ್ತು ಸಿಐ ಒಗ್ಗುವ ಮಣ್ಣುಗಳು. ಸಾಮಾನ್ಯವಾಗಿ ಇಂಡೆಕ್ಸ್ 10ರಿಂದ 30ರೊಳಗಿದ್ದರೆ ಕೆಲಸ ಸುಸೂತ್ರ, ಆದರೂ ಇದು ಅನುಭವದ ಗಡಿಯೇ ಹೊರತು ಕಲ್ಲಿನ ಮೇಲೆ ಕೊರೆದದ್ದಲ್ಲ.

ಎರೆಮಣ್ಣನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಇಂಡೆಕ್ಸ್ 41 ಎಂದರೆ ಅದು ಬಹಳ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಏರಿಯ ಮೇಲ್ಮೈಯಲ್ಲಿ ಅದನ್ನು ಹಾಕಿದರೆ ಮೇ ತಿಂಗಳ ಬಿರುಕುಗಳ ಮೂಲಕವೇ ಮೊದಲ ಮಳೆಯ ನೀರು ಒಳಹೊಗುತ್ತದೆ. ಹಾಗೆ ನೀರು ಹೊಕ್ಕ ಭಾಗ ಮೆತ್ತಗಾಗಿ ಇಳಿಜಾರು ಕುಸಿಯುತ್ತದೆ. ಆದರೆ ಅದೇ ಮಣ್ಣು ಬಿಸಿಲು ತಾಗದ ಏರಿಯ ಹೊಟ್ಟೆಯಲ್ಲಿ, ಕೆಮ್ಮಣ್ಣಿನ ದಪ್ಪ ಹೊದಿಕೆಯ ಒಳಗೆ ಇದ್ದರೆ ತೇವ ಬಿಡದೆ ನೀರನ್ನು ಚೆನ್ನಾಗಿ ತಡೆಯುತ್ತದೆ. ಈ ಉದಾಹರಣೆಯಲ್ಲಿ ಏರಿಯ ಮೈಯೆಲ್ಲ ಕೆಮ್ಮಣ್ಣು, ತಳದ ಕಾಲುವೆಯಲ್ಲಿ ಮತ್ತು ನಡುವಿನಲ್ಲಿ ಎರೆಮಣ್ಣು, ಗೋಡು ಬೇಡವೇ ಬೇಡ ಎಂಬುದು ನ್ಯಾಯವಾದ ತೀರ್ಮಾನ.

ಪ್ಲಾಸ್ಟಿಕ್ ಮಿತಿಯ ಇನ್ನೊಂದು ಉಪಯೋಗ ಮಣ್ಣು ದಮ್ಮಸು ಮಾಡುವಾಗ ಸಿಗುತ್ತದೆ. ಮಣ್ಣು ಅತಿ ಗಟ್ಟಿಯಾಗಿ ಕೂರುವ ತೇವ, ಜೇಡಿಯ ಮಟ್ಟಿಗೆ, ಬಹುಪಾಲು ಪ್ಲಾಸ್ಟಿಕ್ ಮಿತಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಖಚಿತ ಅಂಕಿಗೆ ಪ್ರಾಕ್ಟರ್ ಪರೀಕ್ಷೆ ಬೇಕು. ನಮ್ಮ ಕೆಮ್ಮಣ್ಣಿಗೆ ಅದು 17 ಎಂದಾಯಿತೆನ್ನಿ. ಏಪ್ರಿಲ್‌ನಲ್ಲಿ ದಿಬ್ಬದಿಂದ ಅಗೆದು ತಂದ ಮಣ್ಣಿನಲ್ಲಿ 9ರಷ್ಟೇ ತೇವವಿದ್ದರೆ 8ರ ಕೊರತೆ. ಒಂದು ಘನ ಮೀಟರ್ ಏರಿಗೆ ಸುಮಾರು 1,750 ಕಿಲೋ ಒಣಮಣ್ಣು ಹಿಡಿಯುವುದಾದರೆ ಅದಕ್ಕೆ 140 ಲೀಟರ್ ನೀರು ಕಲಸಬೇಕು. ಒಣಮಣ್ಣಿನ ಮೇಲೆ ನೀರು ಚಿಮುಕಿಸಿ ರೋಲರ್ ಓಡಿಸಿದರೆ ಇಷ್ಟು ನೀರು ಒಳಗಿಳಿಯುವುದಿಲ್ಲ. ಮಣ್ಣು ತೆಗೆಯುವ ಜಾಗದಲ್ಲೇ ಹಿಂದಿನ ದಿನ ನೀರು ಕಟ್ಟಿ ನೆನೆಸಬೇಕಾಗುತ್ತದೆ. ಕೆಲಸದ ಜಾಗದಲ್ಲಿ ಹದ ನೋಡಲು ಮತ್ತೆ ಅದೇ ಅಂಗೈ ಪರೀಕ್ಷೆ: ಎಳೆ 3 ಮಿ.ಮೀ.ಗಿಂತ ತುಸು ದಪ್ಪವಿರುವಾಗಲೇ ಮುರಿದರೆ ಹದ ಸರಿ. ಬೆರಳಷ್ಟು ದಪ್ಪದಲ್ಲೇ ಪುಡಿಯಾದರೆ ಮಣ್ಣು ಒಣಗಿದೆ. ದಾರದಂತೆ ಸಣ್ಣಗೆ ಎಳೆದರೂ ಮುರಿಯದಿದ್ದರೆ ರೋಲರ್ ಅಡಿಯಲ್ಲಿ ಮಣ್ಣು ಹಾಸಿಗೆಯಂತೆ ಅಲುಗುತ್ತದೆ, ಗಟ್ಟಿಯಾಗುವುದಿಲ್ಲ.

ಈ ಅಂಕಿಗಳು ಹೇಳದ ಸಂಗತಿಗಳೂ ಇವೆ. ಪರೀಕ್ಷೆ ನಡೆಯುವುದು ಜರಡಿಯಲ್ಲಿ ಇಳಿದ ನುಣ್ಣನೆಯ ಭಾಗದ ಮೇಲೆ ಮಾತ್ರ. ಗರಸು ತುಂಬಿದ ಕೆಮ್ಮಣ್ಣಿನಲ್ಲಿ ನುಣ್ಣನೆಯ ಭಾಗ ನೂರಕ್ಕೆ ಹತ್ತೇ ಇದ್ದು, ಆ ಹತ್ತರ ಇಂಡೆಕ್ಸ್ 18 ಇದ್ದರೂ ಒಟ್ಟು ಮಣ್ಣು ನೀರು ಸೋರಿಸುತ್ತದೆ. ಆದ್ದರಿಂದ 75 ಮೈಕ್ರಾನ್ ಜರಡಿಯಲ್ಲಿ ಎಷ್ಟು ಇಳಿಯಿತು ಎಂಬ ಅಂಕಿ ಪಕ್ಕದಲ್ಲೇ ಇರಬೇಕು. ಹೂಳು ತುಂಬಿದ ಹಳೆಯ ಕೆರೆಯಂಗಳದ ಕಪ್ಪು ಮಣ್ಣಿನಲ್ಲಿ ಕೊಳೆತ ಎಲೆ, ಬೇರು ಬೆರೆತಿದ್ದರೆ ಒಲೆಯಲ್ಲಿ ಒಣಗಿಸಿದ ಮೇಲೆ ಪರೀಕ್ಷಿಸಿದಾಗ ದ್ರವಮಿತಿ ತೀರಾ ಇಳಿದುಹೋಗುತ್ತದೆ. ಆ ಇಳಿತವೇ ಸಾವಯವ ಅಂಶದ ಗುರುತು. ಅಂಥದ್ದು ಹೊಲಕ್ಕೆ ಒಳ್ಳೆಯದು, ಏರಿಗಲ್ಲ.

ಎಲ್ಲಕ್ಕಿಂತ ಮೋಸ ಮಾಡುವುದು ಸೋಡಿಯಂ ಹೆಚ್ಚಿರುವ ಜೇಡಿ. ಅದರ ದ್ರವಮಿತಿ, ಇಂಡೆಕ್ಸ್ ಎಲ್ಲವೂ ಒಳ್ಳೆಯ ಜೇಡಿಯಂತೆಯೇ ಕಾಣುತ್ತವೆ, ಆದರೆ ನಿಂತ ನೀರಿನಲ್ಲೇ ಅದರ ಕಣಗಳು ಒಂದನ್ನೊಂದು ಬಿಟ್ಟು ತೇಲಿಹೋಗುತ್ತವೆ. ಅದನ್ನು ಹಿಡಿಯುವ ದಾರಿ ಸರಳ. ತೇವವಿರುವ ಮಣ್ಣಿನ ಕಡಲೆಕಾಳಿನಷ್ಟು ತುಣುಕನ್ನು ಗಾಜಿನ ಲೋಟದ ಭಟ್ಟಿ ನೀರಿನಲ್ಲಿ ಮೆಲ್ಲಗೆ ಬಿಟ್ಟು, ಅಲುಗಿಸದೆ ಒಂದು ಗಂಟೆ ನೋಡಬೇಕು. ತುಣುಕು ಉದುರಿ ತಳದಲ್ಲಿ ಗುಪ್ಪೆಯಾಗಿ, ನೀರು ತಿಳಿಯಾಗಿಯೇ ಉಳಿದರೆ ಭಯವಿಲ್ಲ. ತುಣುಕಿನ ಸುತ್ತ ಹಾಲಿನಂಥ ಮಬ್ಬು ಹಬ್ಬಿ ತಳದುದ್ದಕ್ಕೂ ಹರಡಿ ಇಳಿಯದೆ ನಿಂತರೆ, ಇಂಡೆಕ್ಸ್ ಎಷ್ಟೇ ಚೆನ್ನಾಗಿದ್ದರೂ ಆ ಮಣ್ಣನ್ನು ಹಾಗೆಯೇ ಏರಿಗೆ ಹಾಕುವಂತಿಲ್ಲ. ಒಂದು ತುಣುಕಿನಲ್ಲಿ ಮಬ್ಬು ಕಾಣದಿದ್ದರೂ ಬೇರೆ ಬೇರೆ ಆಳದಿಂದ ತಂದ ಹಲವು ತುಣುಕುಗಳನ್ನು ನೋಡಬೇಕು, ಏಕೆಂದರೆ ಒಂದೇ ಗುಂಡಿಯಲ್ಲಿ ಮೇಲಿನ ಮಣ್ಣು ಒಂದು ತರಹ, ಒಂದೂವರೆ ಮೀಟರ್ ಕೆಳಗಿನದು ಇನ್ನೊಂದು ತರಹ ಇರುವುದು ಸಾಮಾನ್ಯ.