ಮುದ್ದೆ ಇಳಿಯದ ದಿನ

ತುಮಕೂರು ಕಡೆಯ ಒಂದು ಹಳ್ಳಿಮನೆ. ಐವತ್ತೇಳು ವರ್ಷದ ಹೆಂಗಸು. ಚಿಕ್ಕಂದಿನಿಂದ ಮುದ್ದೆ ಉಂಡ ಜೀವ, ಮೂವತ್ತು ವರ್ಷದಿಂದ ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸಿ ಹಾಕಿಕೊಳ್ಳುವ ಅಭ್ಯಾಸ. ಒಂದು ರಾತ್ರಿ ಅವರು ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಸಿ ಎದ್ದರು.

"ಯಾಕತ್ತೆ, ಮುದ್ದೆ ಬಿಟ್ರಿ?" ಎಂದಳು ಸೊಸೆ.

"ಯಾಕೋ ಒಳಗೆ ಇಳೀತಿಲ್ಲ ಕಣವ್ವ. ಎದೇಲಿ ನಿಂತಂಗಾಗ್ತದೆ."

ಇದು ಯಾರೋ ಒಬ್ಬರ ಕಥೆಯಲ್ಲ. ಅನ್ನನಾಳದ ಕ್ಯಾನ್ಸರಿನ ಹಲವರ ಅನುಭವ ಸಾಮಾನ್ಯವಾಗಿ ಹೋಗುವ ದಾರಿಯನ್ನು ಒಂದು ಮನೆಯೊಳಗೆ ಇಟ್ಟು ಹೇಳುತ್ತಿದ್ದೇನೆ. ಆ ರಾತ್ರಿಯಿಂದ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡುವ ದಿನದವರೆಗೆ ಈ ಮನೆಯಲ್ಲಿ ಐದು ತಿಂಗಳು ಕಳೆಯಿತು. ಆ ಐದು ತಿಂಗಳು ಎಲ್ಲಿ ಹೋದವು ಎಂಬುದೇ ಇಲ್ಲಿ ಮುಖ್ಯ.

ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಆದ್ದರಿಂದ ಅನ್ನನಾಳ ಕಿರಿದಾಗುತ್ತಿದ್ದರೆ ಮುದ್ದೆ ಉಣ್ಣುವವರಿಗೆ ಅದು ಬೇಗ ತಿಳಿಯಬೇಕು. ಅನ್ನನಾಳವೆಂದರೆ ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ತುತ್ತು ಬಂದಾಗ ಅದು ಎರಡು ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಗ್ಗುತ್ತದೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಉಳಿದ ಗೋಡೆ ಹಿಗ್ಗಿ ದಾರಿ ಬಿಡುತ್ತದೆ. ಆ ದಾರಿ 13 ಮಿಲಿಮೀಟರಿನ ಆಸುಪಾಸಿಗೆ ಇಳಿದ ಮೇಲೆಯೇ ಗಟ್ಟಿ ಆಹಾರ ಪದೇಪದೇ ಸಿಕ್ಕಿಕೊಳ್ಳತೊಡಗುವುದು. ಹಾಗಾಗಿ ಕ್ಯಾನ್ಸರಿನಿಂದ ಮೊದಲ ತುತ್ತು ನಿಂತ ದಿನ ರೋಗ ಶುರುವಾದ ದಿನವಲ್ಲ. ಅದು ಒಳಗೆ ಬಹಳ ಕಾಲ ಬೆಳೆದು ಆಗಿರುತ್ತದೆ.

ಆದರೂ ಮನುಷ್ಯ ಹೊಂದಿಕೊಳ್ಳುತ್ತಾನೆ. ಈ ತಾಯಿ ಮೊದಲ ತಿಂಗಳು ಮುದ್ದೆ ಬಿಟ್ಟು ಅನ್ನಕ್ಕೆ ಬಂದರು. ಎರಡನೇ ತಿಂಗಳು ಅನ್ನವನ್ನು ಸಾರಿನಲ್ಲಿ ಕಿವುಚಿಕೊಂಡು, ಪ್ರತಿ ತುತ್ತಿಗೂ ನೀರು ಕುಡಿದು ಇಳಿಸಿದರು. ಮೂರನೇ ತಿಂಗಳಿಗೆ ಗಂಜಿ. "ವಯಸ್ಸಾಯ್ತು, ಹಲ್ಲಿಲ್ಲ" ಎಂದು ಮನೆಯವರೂ ಅಂದುಕೊಂಡರು. ನಡುವೆ "ಗ್ಯಾಸ್ಟ್ರಿಕ್" ಎಂದು ಅಂಗಡಿಯಿಂದ ಮಾತ್ರೆ ತಂದರು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು, ಅದು ನಾರ್ಮಲ್ ಬಂತು. ಅನ್ನನಾಳದ ಬಹುಭಾಗ ಎದೆಯೊಳಗಿದೆ. ಹೊಟ್ಟೆಯ ಅಲ್ಟ್ರಾಸೌಂಡಿಗೆ ಅದು ಕಾಣುವುದಿಲ್ಲ.

ಆಮೇಲೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋದರು. "ಎಲ್ಲಿ ಸಿಕ್ಕಿಕೊಳ್ಳುತ್ತೆ?" ಎಂದು ಕೇಳಿದರೆ ಈ ಸಲ ಕುತ್ತಿಗೆಯ ಬುಡಕ್ಕೆ ಕೈ ತೋರಿಸಿದರು. ಗಂಟಲು ಚೆನ್ನಾಗಿಯೇ ಇತ್ತು. ಇಲ್ಲಿ ದೇಹವೇ ನಮಗೆ ತಪ್ಪು ವಿಳಾಸ ಕೊಡುತ್ತದೆ. ತಡೆ ಎದೆಯ ನಡುವೆ ಅಥವಾ ಇನ್ನೂ ಕೆಳಗೆ ಇದ್ದರೂ, ಸಿಕ್ಕಿಕೊಂಡ ಅನುಭವ ಎಷ್ಟೋ ಸಲ ಮೇಲೆ ಕುತ್ತಿಗೆಯಲ್ಲಿ ಆಗುತ್ತದೆ. "ಗಂಟಲಲ್ಲಿ ಏನೂ ಇಲ್ಲ" ಎಂಬ ಮಾತು ಗಂಟಲಿಗಷ್ಟೇ ಅನ್ವಯಿಸುತ್ತದೆ, ಅನ್ನನಾಳಕ್ಕಲ್ಲ. ಐದನೇ ತಿಂಗಳಲ್ಲಿ, ಒಂಬತ್ತು ಕಿಲೋ ತೂಕ ಇಳಿದ ಮೇಲೆ, ಎಂಡೋಸ್ಕೋಪಿ ಆಯಿತು. ಮುಂಬಲ್ಲಿನಿಂದ ಅಳೆದರೆ 27ನೇ ಸೆಂಟಿಮೀಟರಿನಿಂದ 32ರವರೆಗೆ, ಅಂದರೆ ಅನ್ನನಾಳದ ನಡುಭಾಗದಲ್ಲಿ, ಗಡ್ಡೆ ಕಂಡಿತು. ಬಯಾಪ್ಸಿಯ ವರದಿ: ಸ್ಕ್ವಾಮಸ್ ಸೆಲ್ ಕಾರ್ಸಿನೋಮ.

ಒಂದೇ ಕೊಳವೆ, ಎರಡು ರೋಗ

ವರದಿಯ ಆ ಹೆಸರಿಗೆ ಅರ್ಥವಿದೆ. ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಹುಟ್ಟುವ ಜಾಗ ಬೇರೆ, ಹುಟ್ಟಿಸುವ ಕಾರಣ ಬೇರೆ.

ಅನ್ನನಾಳದ ಒಳಮೈಗೆ ನಮ್ಮ ಬಾಯಿಯ ಒಳಗಿರುವಂಥದೇ ಚಪ್ಪಟೆ ಜೀವಕೋಶಗಳ ಹಲವು ಪದರಗಳ ಹೊದಿಕೆ ಇದೆ. ಇವೇ ಸ್ಕ್ವಾಮಸ್ ಕೋಶಗಳು. ಬಾಯಿಂದ ಇಳಿದುಬರುವ ಎಲ್ಲದರ ಪೆಟ್ಟನ್ನೂ ಈ ಹೊದಿಕೆ ತಾಳಿಕೊಳ್ಳುತ್ತದೆ. ವರ್ಷಗಟ್ಟಲೆ ಅದೇ ಪೆಟ್ಟು ಬಿದ್ದಾಗ ಕೆಲವು ಕೋಶಗಳು ಹದ ತಪ್ಪುತ್ತವೆ. ಸ್ಕ್ವಾಮಸ್ ಕ್ಯಾನ್ಸರ್ ಹೆಚ್ಚಾಗಿ ಮೇಲಿನ ಮತ್ತು ನಡುವಿನ ಭಾಗದಲ್ಲಿ ಬರುತ್ತದೆ. ಭಾರತದಲ್ಲಿ ಹೆಚ್ಚು ಕಾಣುವುದು ಇದೇ ಬಗೆ.

ಇದನ್ನು ತರುವವುಗಳಲ್ಲಿ ತಂಬಾಕು ಮೊದಲನೆಯದು. ಬೀಡಿ, ಸಿಗರೇಟಿನ ಹೊಗೆಯಷ್ಟೇ ಅಲ್ಲ, ಜಗಿದು ನುಂಗಿದ ರಸವೂ ಈ ದಾರಿಯಲ್ಲೇ ಇಳಿಯುತ್ತದೆ. ಎರಡನೆಯದು ಮದ್ಯ. ದೇಹದೊಳಗೆ ಅದು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಒಡೆಯುತ್ತದೆ, ಅದು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ತಂಬಾಕು, ಮದ್ಯ ಎರಡೂ ಇದ್ದವರಲ್ಲಿ ಅಪಾಯ ಒಂದಕ್ಕೊಂದು ಕೂಡುವುದಷ್ಟೇ ಅಲ್ಲ, ಗುಣಿಸಿದಂತೆ ಏರುತ್ತದೆ.

ನಮ್ಮ ಕಡೆ ಕಷ್ಟವಾದರೂ ಹೇಳಲೇಬೇಕಾದದ್ದು ಅಡಿಕೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣ ಎಂದು ಅದು ಅನಂತರ ಖಚಿತಪಡಿಸಿದೆ. ಕಡ್ಡಿಪುಡಿ ಸೇರಿದರಂತೂ ಅಪಾಯ ಇನ್ನೂ ಹೆಚ್ಚು. ಬೀಡಿ ಸೇದದ, ಮದ್ಯ ಮುಟ್ಟದ ನಮ್ಮ ಹೆಂಗಸರಿಗೆ ಈ ರೋಗ ಹೇಗೆ ಬಂತು ಎಂದು ಮನೆಯವರು ಕೇಳುವಾಗ ಉತ್ತರ ಎಷ್ಟೋ ಸಲ ಎಲೆಅಡಿಕೆಯ ಚೀಲದಲ್ಲಿರುತ್ತದೆ. ಕುದಿಬಿಸಿ ಪಾನೀಯವೂ ಪಟ್ಟಿಯಲ್ಲಿದೆ. 65 ಡಿಗ್ರಿಗಿಂತ ಬಿಸಿಯಾದದ್ದನ್ನು ಕುಡಿಯುವುದು ಬಹುಶಃ ಕ್ಯಾನ್ಸರ್ ತರುತ್ತದೆ ಎಂದು ಅದೇ ಸಂಸ್ಥೆ 2016ರಲ್ಲಿ ಹೇಳಿತು. ತಪ್ಪು ಚಹಾ ಕಾಫಿಯದಲ್ಲ, ಬಿಸಿಯದು. ಲೋಟ ಹಿಡಿಯಲು ಹಿತವಾಗುವಷ್ಟು ಆರಿಸಿ ಕುಡಿದರೆ ಸಾಕು.

ಎರಡನೆಯ ಬಗೆ ಅಡಿನೋಕಾರ್ಸಿನೋಮ. ಇದರ ದಾರಿ ತಲೆಕೆಳಗು. ಇಲ್ಲಿ ಪೆಟ್ಟು ಬೀಳುವುದು ಮೇಲಿನಿಂದಲ್ಲ, ಕೆಳಗಿನಿಂದ. ಹೊಟ್ಟೆಯ ಆಮ್ಲ ಮತ್ತು ಪಿತ್ತ ವರ್ಷಾನುಗಟ್ಟಲೆ ಅನ್ನನಾಳದ ತುದಿಗೆ ಉಕ್ಕಿ ಬರುತ್ತಿದ್ದರೆ, ಅಲ್ಲಿನ ಚಪ್ಪಟೆ ಕೋಶಗಳ ಹೊದಿಕೆ ಸವೆದು, ಆ ಜಾಗದಲ್ಲಿ ಕರುಳಿನ ಒಳಮೈಯಂಥ, ಲೋಳೆ ಸುರಿಸುವ ಕೋಶಗಳು ಬೆಳೆಯಬಹುದು. ಬ್ರಿಟನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ 1950ರಲ್ಲಿ ಬರೆದ ಲೇಖನದಿಂದಾಗಿ ಇದಕ್ಕೆ ಬ್ಯಾರೆಟ್ ಅನ್ನನಾಳ ಎಂಬ ಹೆಸರು ಉಳಿಯಿತು. ಅಡಿನೋ ಎಂದರೆ ಗ್ರಂಥಿ. ಈ ಗ್ರಂಥಿಯಂಥ ಹೊದಿಕೆಯಲ್ಲಿ ಹುಟ್ಟುವ ಕ್ಯಾನ್ಸರ್ ಅನ್ನನಾಳ ಹೊಟ್ಟೆಯನ್ನು ಸೇರುವ ಕೆಳತುದಿಯಲ್ಲಿ ಬರುತ್ತದೆ. ದೀರ್ಘಕಾಲದ ಎದೆಯುರಿ, ಹೊಟ್ಟೆಯ ಸುತ್ತಲಿನ ಬೊಜ್ಜು, ಧೂಮಪಾನ ಇದರ ಬೆನ್ನಿಗಿವೆ. ಹೆಂಗಸರಿಗಿಂತ ಗಂಡಸರಿಗೆ ಬಹಳ ಹೆಚ್ಚು. ಮದ್ಯಕ್ಕೆ ಸ್ಕ್ವಾಮಸ್ ಬಗೆಯ ಜೊತೆ ಇರುವ ನೇರ ನಂಟು ಇದರ ಜೊತೆ ಕಂಡಿಲ್ಲ. ಅಮೆರಿಕ, ಬ್ರಿಟನ್ನುಗಳಲ್ಲಿ ಈಗ ಈ ಬಗೆಯೇ ಮುಂದಿದೆ.

ಎದೆಯುರಿ ಇರುವವರೆಲ್ಲ ಇದನ್ನು ಓದಿ ಹೆದರಬೇಕಿಲ್ಲ. ಬ್ಯಾರೆಟ್ ಇದ್ದವರಲ್ಲೂ ಕ್ಯಾನ್ಸರಿಗೆ ತಿರುಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ. ಆದರೆ ಹತ್ತು ವರ್ಷ ಆಮ್ಲದ ಮಾತ್ರೆ ನುಂಗಿದ ಬೆಂಗಳೂರಿನ ಒಬ್ಬ ಗುಮಾಸ್ತರಿಗೆ ಈಗ ಚಪಾತಿ ಸಿಕ್ಕಿಕೊಳ್ಳಲು ಶುರುವಾಗಿದೆ ಎಂದರೆ ಅದು ಹಳೆಯ ಎದೆಯುರಿಯ ಮುಂದುವರಿಕೆ ಎಂದು ಬಿಡುವಂತಿಲ್ಲ. ಆಮ್ಲದ ಮಾತ್ರೆ ಉರಿಯನ್ನು ಶಮನ ಮಾಡಿ ಕೆಲವು ವಾರ ನೆಮ್ಮದಿ ಕೊಡಬಹುದು. ಬೆಳೆಯುವ ಗಡ್ಡೆಯನ್ನು ಅದು ತಡೆಯುವುದಿಲ್ಲ.

ಕೊಳವೆ ಇಳಿಸಿ ನೋಡುವುದೇ ಏಕೆ?

ಬೇರು ಬೇರೆಯಾದರೂ ಎರಡೂ ರೋಗಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಲಕ್ಷಣದಲ್ಲಿ: ಮೊದಲು ಗಟ್ಟಿ ಪದಾರ್ಥ, ಆಮೇಲೆ ಮೆತ್ತನೆಯದು, ಕೊನೆಗೆ ನೀರು. ಈ ಕ್ರಮವೇ ಕಿರಿದಾಗುತ್ತಿರುವ ಕೊಳವೆಯ ಗುರುತು. ಶುರುವಿನಿಂದಲೇ ನೀರೂ ಅನ್ನವೂ ಒಂದೇ ತರಹ ನಿಲ್ಲುತ್ತಿದ್ದರೆ ಅನ್ನನಾಳದ ಚಲನೆಯ ತೊಂದರೆ ಇರಬಹುದು, ಅದಕ್ಕೂ ಪರೀಕ್ಷೆ ಬೇಕು. ಊಟವಿಲ್ಲದಾಗ ಗಂಟಲಲ್ಲಿ ಉಂಡೆ ಇದ್ದಂತೆ ಅನಿಸಿ, ಊಟ ಮಾಡುವಾಗ ಅದೇ ಮಾಯವಾಗುವುದು ಬೇರೆ ಸಂಗತಿ. ಅಲ್ಲಿ ತುತ್ತು ಸಲೀಸಾಗಿ ಇಳಿಯುತ್ತದೆ.

ಎಂಡೋಸ್ಕೋಪಿಗೆ ಸುಮಾರು ಆರು ಗಂಟೆ ಏನೂ ತಿನ್ನದೆ ಹೋಗಬೇಕು. ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಕಿರುಬೆರಳಿನ ಗಾತ್ರದ ಬಾಗುವ ಕೊಳವೆ ಇಳಿಸುತ್ತಾರೆ. ಓಕರಿಕೆ ಬರುತ್ತದೆ, ಆದರೆ ಉಸಿರಿನ ದಾರಿ ಬೇರೆಯಾದ್ದರಿಂದ ಉಸಿರು ಕಟ್ಟುವುದಿಲ್ಲ. ಹೆದರಿಕೆ ಇದ್ದವರಿಗೆ ಮಂಪರಿನ ಔಷಧಿ ಕೊಡುವುದುಂಟು. ಸಾಮಾನ್ಯವಾಗಿ ಐದು ಹತ್ತು ನಿಮಿಷದ ಕೆಲಸ. ಅನುಮಾನದ ಜಾಗದಿಂದ ಆರೆಂಟು ಚೂರು ತೆಗೆಯುತ್ತಾರೆ, ತೆಗೆದದ್ದು ನೋವಾಗಿ ತಿಳಿಯುವುದಿಲ್ಲ. ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ ಕಿರಿದಾದ ಆಕಾರವನ್ನು ತೋರಿಸಬಲ್ಲದು, ಆದರೆ ಚಪ್ಪಟೆಯಾದ ಆರಂಭದ ಕಲೆ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಚೂರು ತೆಗೆಯುವುದಂತೂ ಅದರಿಂದ ಆಗದು. ರಕ್ತಪರೀಕ್ಷೆಯಿಂದ ಈ ರೋಗವನ್ನು ಪತ್ತೆಮಾಡಲು ಬರುವುದಿಲ್ಲ. ಕೊಳವೆಯಿಂದ ನೋಡುವಾಗ ಅಯೋಡಿನ್ ದ್ರಾವಣ ಸಿಂಪಡಿಸುವ ಒಂದು ಉಪಾಯವೂ ಇದೆ. ಆರೋಗ್ಯವಾದ ಸ್ಕ್ವಾಮಸ್ ಕೋಶಗಳಲ್ಲಿ ಗ್ಲೈಕೋಜನ್ ಇರುವುದರಿಂದ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಕೆಟ್ಟ ಕೋಶಗಳ ಜಾಗ ಬಣ್ಣ ಹಿಡಿಯದೆ ಬಿಳಿಚಿಕೊಂಡು ಎದ್ದು ಕಾಣುತ್ತದೆ.

ಬೇಗ ನೋಡಬೇಕೆನ್ನಲು ಅನ್ನನಾಳದ ರಚನೆಯೇ ಕಾರಣ. ಕರುಳಿಗಿರುವಂಥ ಹೊರಗಿನ ತೆಳುಹೊದಿಕೆ ಅನ್ನನಾಳದ ಬಹುಭಾಗಕ್ಕಿಲ್ಲ, ಹಾಗಾಗಿ ಗಡ್ಡೆ ಗೋಡೆ ದಾಟಿದರೆ ಪಕ್ಕದ ಶ್ವಾಸನಾಳವೂ ಮಹಾಪಧಮನಿಯೂ ಹತ್ತಿರ. ದುಗ್ಧನಾಳಗಳು ಒಳಮೈಗೆ ಬಹಳ ಸಮೀಪದಲ್ಲೇ ಹರಡಿವೆ, ಆದ್ದರಿಂದ ರೋಗ ಗಂಟುಗಳಿಗೆ ಬೇಗ ಹಬ್ಬುತ್ತದೆ. ಗಡ್ಡೆ ಒಳಮೈಯ ಪದರದಲ್ಲೇ ಇರುವಾಗ ಸಿಕ್ಕರೆ ಅದೇ ಎಂಡೋಸ್ಕೋಪಿಯ ದಾರಿಯಿಂದ ಅದನ್ನು ಕೆತ್ತಿ ತೆಗೆಯಬಹುದು, ಅನ್ನನಾಳ ಉಳಿಯುತ್ತದೆ. ಆಳಕ್ಕೆ ಇಳಿದ ಮೇಲೆ ದೊಡ್ಡ ಚಿಕಿತ್ಸೆಯೇ ಬೇಕು.

ನಮ್ಮ ತುಮಕೂರಿನ ತಾಯಿಗೆ ಸಿಟಿ ಸ್ಕ್ಯಾನಿನಲ್ಲಿ ಪಕ್ಕದ ಗಂಟುಗಳೂ ದಪ್ಪವಾಗಿ ಕಂಡವು, ದೂರದ ಅಂಗಗಳಿಗೆ ಹರಡಿರಲಿಲ್ಲ. ಸ್ಕ್ವಾಮಸ್ ಬಗೆ ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಆದ್ದರಿಂದ 23 ದಿನದ ವಿಕಿರಣದ ಜೊತೆಗೆ ವಾರಕ್ಕೊಮ್ಮೆಯಂತೆ ಐದು ಸಲ ಕೀಮೋ, ಅದಾದ ಮೇಲೆ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಯೋಜಿಸಿದರು. ಅದು ಅಡಿನೋಕಾರ್ಸಿನೋಮ ಆಗಿದ್ದರೆ ಶಸ್ತ್ರಚಿಕಿತ್ಸೆಯ ಮೊದಲೂ ಅನಂತರವೂ ಕೀಮೋ ಕೊಡುವುದರ ಕಡೆಗೆ ಒಲವು ಹೆಚ್ಚಿರುತ್ತಿತ್ತು. ವರದಿಯ ಆ ಒಂದು ಹೆಸರಿನಿಂದ ಚಿಕಿತ್ಸೆಯ ದಾರಿ ಹೀಗೆ ಬದಲಾಗುತ್ತದೆ.

ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ನುಂಗಲು ತೊಂದರೆ ಎಂದ ಯಾವ ವಯಸ್ಸಿನವರಿಗೂ ಎರಡು ವಾರದೊಳಗೆ ಎಂಡೋಸ್ಕೋಪಿ ಆಗಬೇಕು ಎಂದು ಹೇಳಿತು. ನಾವೂ ಅದನ್ನೇ ಲೆಕ್ಕವಾಗಿ ಇಟ್ಟುಕೊಳ್ಳಬಹುದು. ವೈದ್ಯರ ಮುಂದೆ "ಗ್ಯಾಸ್ಟ್ರಿಕ್" ಎನ್ನಬೇಡಿ. ಯಾವ ಪದಾರ್ಥ ನಿಲ್ಲುತ್ತಿದೆ, ಎಷ್ಟು ವಾರದಿಂದ, ತೂಕ ಎಷ್ಟು ಇಳಿದಿದೆ, ಬಾಯಿಗೆ ಏನು ಹಾಕಿಕೊಳ್ಳುತ್ತೀರಿ ಎಂದು ಹೇಳಿ. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ ಅಥವಾ ದನಿ ಒಡೆದಿದ್ದರೆ ಅದನ್ನೂ ಸೇರಿಸಿ, ಎರಡು ವಾರವೂ ಕಾಯಬೇಡಿ.

ಮೊದಲ ರಾತ್ರಿಯೇ ಹೋಗಿದ್ದರೆ ಗಡ್ಡೆ ಇರುತ್ತಲೇ ಇರಲಿಲ್ಲ ಎಂದು ಹೇಳಲು ಬರುವುದಿಲ್ಲ. ಆದರೆ ಆಕೆ ಒಂಬತ್ತು ಕಿಲೋ ಕಳೆದುಕೊಳ್ಳದ ಮೈಯಲ್ಲಿ, ಐದು ತಿಂಗಳಷ್ಟು ಚಿಕ್ಕದಾದ ರೋಗದೊಂದಿಗೆ ಚಿಕಿತ್ಸೆಗೆ ಮಲಗುತ್ತಿದ್ದರು. ಆ ಮನೆಯಲ್ಲಿ ರೋಗವನ್ನು ಮೊದಲು ಗುರುತಿಸಿದ್ದು ಯಾವ ಯಂತ್ರವೂ ಅಲ್ಲ, ತಟ್ಟೆಯಲ್ಲಿ ಉಳಿದ ಅರ್ಧ ಮುದ್ದೆಯನ್ನು ಕಂಡು ಪ್ರಶ್ನೆ ಕೇಳಿದ ಸೊಸೆ. ಅತ್ತೆ ಕೊಟ್ಟ ಉತ್ತರವೂ ಸರಿಯಾಗಿಯೇ ಇತ್ತು. ಆ ಉತ್ತರವನ್ನು ಹಾಗೆಯೇ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಒಯ್ಯಬೇಕಿತ್ತು, ಅಷ್ಟೇ.