ಕೌದಿಯ ಕೆಂಪು, ಜಮಖಾನೆಯ ಕೆಂಪು

ಹುಟ್ಟುಹಬ್ಬದ ಫ್ಲೆಕ್ಸ್‌ಗೆಂದು ಮನೆಯವರು ತಂದುಕೊಡುವ ಫೋಟೊಗಳಲ್ಲಿ ಡಿಸೈನರ್‌ಗಳು ಕಂಡ ಕೂಡಲೇ ನಿಟ್ಟುಸಿರು ಬಿಡುವಂಥದ್ದೊಂದು ಬಗೆ ಇದೆ. ಒಂದೂವರೆ ವರ್ಷದ ಮಗುವಿಗೆ ಎಣ್ಣೆಸ್ನಾನ ಮಾಡಿಸಿ, ಅಜ್ಜಿ ಹೊಲಿದ ಕೌದಿ ಸುತ್ತಿ, ಕೆಂಪು-ನೀಲಿ ಪಟ್ಟೆಯ ಜಮಖಾನೆಯ ಮೇಲೆ ಕೂರಿಸಿ ತೆಗೆದ ಫೋಟೊ ಅದು. ಮಗು ಚೆನ್ನಾಗಿ ನಕ್ಕಿರುತ್ತದೆ. ಹಾಗಾಗಿ ‘ಇದೇ ಫೋಟೊ ಬೇಕು, ಹಿಂದಿನದೆಲ್ಲ ತೆಗೆದುಬಿಡಿ’ ಎಂಬ ಹಟ. ಆದರೆ ಕೌದಿಯಲ್ಲೂ ಕೆಂಪು ತುಂಡು, ನೀಲಿ ತುಂಡು. ಹಿಂದೆಯೂ ಅದೇ ಕೆಂಪು, ಅದೇ ನೀಲಿ. ಕೌದಿ ಎಲ್ಲಿ ಮುಗಿಯಿತು, ಜಮಖಾನೆ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಫೋಟೊ ತೆಗೆದವರೂ ತಡವರಿಸುತ್ತಾರೆ.

ಫೋಟೊಶಾಪ್‌ನಲ್ಲಿ ಹೊಸಬರು ಮೊದಲು ಕೈಹಾಕುವುದು ಮ್ಯಾಜಿಕ್ ವ್ಯಾಂಡ್‌ಗೆ. ನಾವು ಕ್ಲಿಕ್ ಮಾಡಿದ ಚುಕ್ಕೆಯ ಬಣ್ಣಕ್ಕೆ ಹತ್ತಿರವಿರುವ ಅಕ್ಕಪಕ್ಕದ ಚುಕ್ಕೆಗಳನ್ನೆಲ್ಲ ಅದು ಒಟ್ಟುಗೂಡಿಸುತ್ತದೆ. ಎಷ್ಟು ಹತ್ತಿರ ಎಂಬುದಕ್ಕೆ ಟಾಲರೆನ್ಸ್ ಎಂಬ ಅಂಕಿ ಇದೆ, ಸಾಮಾನ್ಯವಾಗಿ 32. ಇಲ್ಲಿ ಅದು ಎರಡು ಕಡೆಯಿಂದ ಸೋಲುತ್ತದೆ. ಕೌದಿಯ ಒಂದೇ ಕೆಂಪು ತುಂಡು ಮಡಿಕೆಯ ಮೇಲೆ ತಿಳಿಯಾಗಿ, ಮಡಿಕೆಯ ಒಳಗೆ ಕಪ್ಪಗೆ ಕಾಣುತ್ತದೆ. ಆ ವ್ಯತ್ಯಾಸವೇ ಎರಡು ಬಟ್ಟೆಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಅಂಕಿ ಕಡಿಮೆ ಮಾಡಿದರೆ ಕೌದಿ ಚಿಂದಿಚಿಂದಿಯಾಗಿ ಆಯ್ಕೆಯಾಗುತ್ತದೆ, ಹೆಚ್ಚಿಸಿದರೆ ಅರ್ಧ ಜಮಖಾನೆಯೂ ಜೊತೆಗೆ ಬರುತ್ತದೆ. ನಡುವೆ ಸರಿಯಾದ ಅಂಕಿ ಸಿಗುತ್ತದೆಂದು ಹುಡುಕುತ್ತ ಕೂರುವುದು ವ್ಯರ್ಥ. ಕ್ವಿಕ್ ಸೆಲೆಕ್ಷನ್ ಕೂಡ ಬಣ್ಣ ಬದಲಾಗುವ ಅಂಚನ್ನೇ ನೆಚ್ಚಿಕೊಂಡಿರುವುದರಿಂದ ಅದರ ಕತೆಯೂ ಇದೇ. ಅದಕ್ಕೆ ಕೌದಿಯೊಳಗಿನ ತ್ರಿಕೋನ ತುಂಡುಗಳ ಅಂಚೇ ದೊಡ್ಡ ಗಡಿಯಾಗಿ ಕಾಣುತ್ತದೆ.

ಹಾಗಾದರೆ ನಿಜವಾದ ಗಡಿಯನ್ನು ಹುಡುಕುವುದು ಹೇಗೆ? ಮೊದಲ ಉಪಾಯ, ಕಣ್ಣಿಗೆ ಒಂದೇ ಎನಿಸುವ ಬಣ್ಣವನ್ನು ಬಿಡಿಸಿ ನೋಡುವುದು. ಡಿಜಿಟಲ್ ಫೋಟೊದ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲುಗಳ ಮಿಶ್ರಣ. ಚಾನೆಲ್ಸ್ ಪಟ್ಟಿಯಲ್ಲಿ ಈ ಮೂರನ್ನೂ ಬೇರೆಬೇರೆಯಾಗಿ, ಕಪ್ಪು-ಬಿಳುಪಿನಲ್ಲಿ ನೋಡಬಹುದು. ಹೊಸ ಜಮಖಾನೆಯ ಕೆಂಪಿನಲ್ಲಿ ಕೆಂಪಿನ ಪಾಲು 190, ಹಸಿರಿನದು 30 ಇದೆ ಎನ್ನೋಣ. ಕೌದಿಯ ಬಟ್ಟೆ ಹತ್ತಾರು ಸಲ ಒಗೆದ ಹಳೆಯ ಸೀರೆಯದು. ಅದರ ಕೆಂಪು ಮಾಸಿದೆ. ಮಾಸುವುದೆಂದರೆ ಉಳಿದ ಬಣ್ಣಗಳ ಪಾಲು ಏರುವುದು. ಅಲ್ಲಿ ಕೆಂಪು ಅದೇ 190 ಇದ್ದರೂ ಹಸಿರು 70ರ ಆಸುಪಾಸಿಗೆ ಬಂದಿರುತ್ತದೆ. ಕೆಂಪು ಚಾನೆಲ್‌ನಲ್ಲಿ ಎರಡೂ ಒಂದೇ ಬೂದು. ಹಸಿರು ಚಾನೆಲ್ ತೆರೆದರೆ ಜಮಖಾನೆ ಕಪ್ಪಗೆ, ಕೌದಿ ತುಸು ಬೆಳ್ಳಗೆ ಕಾಣುತ್ತದೆ. ಆ ಚಾನೆಲ್‌ನ ನಕಲು ಮಾಡಿಕೊಂಡು ಲೆವೆಲ್ಸ್‌ನಲ್ಲಿ ಹಿಗ್ಗಿಸಿದರೆ, ಇಲ್ಲವೆಂದುಕೊಂಡಿದ್ದ ಗಡಿ ಎಷ್ಟೋ ಕಡೆ ಎದ್ದು ಬರುತ್ತದೆ. ಇದನ್ನೇ ನೇರವಾಗಿ ಕತ್ತರಿಸಲು ಬಳಸಬಾರದು, ಗಡಿ ಎಲ್ಲಿದೆ ಎಂದು ತಿಳಿಯಲು ಮಾತ್ರ.

ಎರಡನೆಯ ಉಪಾಯಕ್ಕೆ ಬಣ್ಣವೇ ಬೇಡ, ಬಟ್ಟೆಯ ಗುಣ ಗೊತ್ತಿದ್ದರೆ ಸಾಕು. ಜಮಖಾನೆ ನೆಲದ ಮೇಲೆ ಚಪ್ಪಟೆಯಾಗಿ ಹಾಸಿದ್ದು, ಹಾಗಾಗಿ ಅದರ ಪಟ್ಟೆಗಳು ನೇರವಾಗಿ ಓಡುತ್ತವೆ. ಕೌದಿ ಮಗುವಿನ ಭುಜ, ಮೊಣಕಾಲುಗಳ ಮೇಲೆ ಬಾಗಿದೆ. ಅದರ ಹೊಲಿಗೆಯ ಸಾಲುಗಳೂ ಬಾಗುತ್ತವೆ. ಹಿಂದಿನ ಒಂದು ನೀಲಿ ಪಟ್ಟೆಯ ಅಂಚನ್ನು ಕಣ್ಣಿನಲ್ಲೇ ಹಿಡಿದು ಮಗುವಿನ ಕಡೆಗೆ ಸಾಗಿ. ಆ ನೇರ ಗೆರೆ ಎಲ್ಲಿ ತಟ್ಟನೆ ನಿಲ್ಲುತ್ತದೋ ಅಥವಾ ಸರಿಯುತ್ತದೋ ಅಲ್ಲೊಂದು ಗುರುತು. ಮುಂದಿನ ಪಟ್ಟೆಗೆ ಇನ್ನೊಂದು ಗುರುತು. ಆ ಗುರುತುಗಳನ್ನು ಸೇರಿಸಿದರೆ ಕೌದಿಯ ಅಂಚು.

ಇನ್ನು ಪೆನ್ ಟೂಲ್. ಕೌದಿ ಹಲವು ಪದರಗಳ ದಪ್ಪ ಬಟ್ಟೆಯಾದ್ದರಿಂದ ಅದರ ಅಂಚು ಗಟ್ಟಿ, ಪೆನ್‌ಗೆ ಹೇಳಿ ಮಾಡಿಸಿದಂತಿರುತ್ತದೆ. (ಕಂಬಳಿಯಾಗಿದ್ದರೆ ಉಣ್ಣೆಯ ಎಳೆಗಳಿಂದಾಗಿ ಈ ಮಾತು ಹೇಳಲಾಗುತ್ತಿರಲಿಲ್ಲ.) ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, ಬಾಗು ಬದಲಾಗುವ ಕಡೆ ಮಾತ್ರ ಬಿಂದು ಇಟ್ಟು, ಹಿಡಿಕೆ ಎಳೆದು ಗೆರೆ ಬಗ್ಗಿಸುತ್ತ ಹೋಗಬೇಕು. ಹೆಜ್ಜೆಹೆಜ್ಜೆಗೂ ಬಿಂದು ಇಟ್ಟರೆ ಅಂಚು ಗರಗಸದ ಹಾಗಾಗುತ್ತದೆ. ಗೆರೆ ಅಂಚಿನ ಮೇಲಲ್ಲ, ಒಂದೆರಡು ಪಿಕ್ಸೆಲ್ ಒಳಗೆ ಹೋಗಲಿ. ಇಲ್ಲವಾದರೆ ಹಿನ್ನೆಲೆಯ ಕೆಂಪು ದಾರದಂತೆ ಸುತ್ತಲೂ ಅಂಟಿಕೊಂಡು ಬರುತ್ತದೆ. ನೆರಳಿನಲ್ಲಿ ಏನು ಮಾಡಿದರೂ ಗಡಿ ಕಾಣದ ಒಂದೆರಡು ಇಂಚು ಇದ್ದೇ ಇರುತ್ತದೆ. ಅಲ್ಲಿ ಮಡಿಕೆಯ ಓಟ ನೋಡಿ ಗೆರೆ ಎಳೆದುಬಿಡುವುದೇ ಸರಿ. ಕೌದಿಯ ಅಂಚು ನಾಲ್ಕು ಪಿಕ್ಸೆಲ್ ಆಚೀಚೆ ಆದರೆ ಅದನ್ನು ಹೊಲಿದ ಅಜ್ಜಿಗೂ ಗೊತ್ತಾಗುವುದಿಲ್ಲ. ಕೆನ್ನೆಯ ಗೆರೆ ಅಷ್ಟೇ ಸರಿದರೆ ತಾಯಿ ಕೂಡಲೇ ಹಿಡಿಯುತ್ತಾಳೆ. ಆದ್ದರಿಂದ ಸಮಯವನ್ನು ಮುಖಕ್ಕೆ ಉಳಿಸಿಕೊಳ್ಳಿ.

ಕೂದಲಿಗೆ ಪೆನ್ ಹಾಕಬಾರದು, ಟೊಪ್ಪಿಗೆ ಇಟ್ಟಂತೆ ಕಾಣುತ್ತದೆ. ಇಲ್ಲಿ ಮತ್ತೆ ಚಾನೆಲ್‌ಗಳೇ ಕೈಹಿಡಿಯುತ್ತವೆ, ಆದರೆ ಈ ಸಲ ತಿರುಗುಮುರುಗು. ಮಗುವಿನ ಕಪ್ಪು ಕೂದಲ ಹಿಂದೆ ಕೆಂಪು ಪಟ್ಟೆ ಇದ್ದಲ್ಲಿ ಕೆಂಪು ಚಾನೆಲ್ ನೋಡಬೇಕು. ಪಟ್ಟೆ ಬೆಳ್ಳಗಾಗಿ ಎಳೆಎಳೆಯೂ ಕಪ್ಪಗೆ ನಿಲ್ಲುತ್ತದೆ. ನೀಲಿ ಪಟ್ಟೆ ಹಾದುಹೋಗುವ ಕಡೆ ಅದೇ ಚಾನೆಲ್‌ನಲ್ಲಿ ಕೂದಲೂ ಪಟ್ಟೆಯೂ ಒಟ್ಟಿಗೇ ಕಪ್ಪಾಗುತ್ತವೆ, ಅಲ್ಲಿಗೆ ನೀಲಿ ಚಾನೆಲ್ ಬೇಕು. ಹೀಗೆ ತಲೆಯನ್ನು ಎರಡು ಭಾಗವಾಗಿ ತೆಗೆದು ಒಂದೇ ಮಾಸ್ಕ್‌ನಲ್ಲಿ ಸೇರಿಸುವುದು. ಮಾಸ್ಕ್‌ನಲ್ಲಿ ಬಿಳಿ ಇದ್ದದ್ದು ಕಾಣುತ್ತದೆ, ಕಪ್ಪು ಇದ್ದದ್ದು ಮರೆಯಾಗುತ್ತದೆ, ಏನೂ ಅಳಿಸಿಹೋಗುವುದಿಲ್ಲ. ಇರೇಸರ್ ಹಿಡಿದು ಹಿನ್ನೆಲೆ ಉಜ್ಜುವವರು ನಾಳೆ ತಿದ್ದಬೇಕಾದಾಗ ಪರದಾಡುತ್ತಾರೆ.

ಕತ್ತರಿಸಿದ ಮೇಲೆ ಅಡಿಯಲ್ಲಿ ಒಂದು ಗಾಢ ಹಸಿರು ಪದರ ಹಾಕಿ ನೋಡಿ. ಅಂಟಿಕೊಂಡ ಕೆಂಪೆಲ್ಲ ಅಲ್ಲಿ ಬಯಲಾಗುತ್ತದೆ. ಆಗ ಇನ್ನೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಜಮಖಾನೆಯ ಬಣ್ಣ ಬೆಳಕಿನ ಜೊತೆ ಪುಟಿದು ಮಗುವಿನ ಗದ್ದದ ಅಡಿಗೆ, ಪುಟ್ಟ ಪಾದಗಳಿಗೆ ಹತ್ತಿರುತ್ತದೆ. ಆ ಭಾಗದ ಕೆಂಪನ್ನಷ್ಟೇ ತಗ್ಗಿಸದಿದ್ದರೆ ಹೊಸ ಹಿನ್ನೆಲೆಯಲ್ಲಿ ಅದು ಗಾಯದ ಹಾಗೆ ಕಾಣುತ್ತದೆ. ಫೋಕಸ್ ಮುಖದ ಮೇಲಿದ್ದು ಹಿಂಭಾಗದ ಮಡಿಕೆ ಮಸುಕಾಗಿದ್ದರೆ, ಮಾಸ್ಕ್‌ನ ಅಂಚೂ ಅಲ್ಲಿ ಅಷ್ಟೇ ಮಸುಕಾಗಬೇಕು. ಸುತ್ತಲೂ ಒಂದೇ ಹರಿತ ಇದ್ದರೆ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರವೇ ಸರಿ.

ಇಷ್ಟೆಲ್ಲ ಶ್ರಮ ಮನೆಯಲ್ಲೇ ತಪ್ಪುತ್ತದೆ. ಜಮಖಾನೆಯ ಮೇಲೊಂದು ಬಿಳಿ ಪಂಚೆ ಹಾಸಿದರೆ ಸಾಕಿತ್ತು. ಅದಾಗದಿದ್ದರೆ ಕಡೇಪಕ್ಷ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಬೇಡಿ. ಗಾತ್ರ ಇಳಿಸುವಾಗ ಬೆಳಕಿನ ವಿವರ ಒಂದಿಷ್ಟು ಉಳಿದರೂ ಬಣ್ಣದ ವಿವರವನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದರಂತೆ ಉಳಿಸಲಾಗುತ್ತದೆ. ಎರಡು ಕೆಂಪುಗಳ ನಡುವಿನ ಗಡಿ ಅಡಗಿರುವುದು ಆ ಬಣ್ಣದ ವಿವರದಲ್ಲೇ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಫೋನಿನಲ್ಲಿದ್ದ ಹಾಗೆಯೇ ತಲುಪುತ್ತದೆ.